ಒಂದು ಸ್ಕ್ರಿಪ್ಟ್, ಮುಕ್ಕಾಲು ಪುಟ: ಜೂನಿಯರ್ ಆಟೊಮೇಷನ್ ಕೆಲಸಕ್ಕೆ ಕವರ್ ಲೆಟರ್ ಬರೆಯುವ ಬಗೆ

ಆಟೊಮೇಷನ್ ತಂಡಕ್ಕೆ ಹೊಸಬರನ್ನು ಆರಿಸುವ ಕೆಲಸ ನನ್ನ ಪಾಲಿಗೆ ಹಲವು ಸಲ ಬಂದಿದೆ. ಆಗ ಓದಿದ ಕವರ್ ಲೆಟರ್‌ಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಪದವಿ ಮುಗಿಸಿದ್ದೇನೆ, ಪೈಥಾನ್ ಬರುತ್ತದೆ, ಆಟೊಮೇಷನ್‌ನಲ್ಲಿ ತುಂಬಾ ಆಸಕ್ತಿಯಿದೆ, ಸ್ವಂತವಾಗಿ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ, ಅವಕಾಶ ಕೊಟ್ಟರೆ ಶ್ರಮಪಟ್ಟು ದುಡಿಯುತ್ತೇನೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಪತ್ರ ಓದಿ ಮುಗಿಸಿದ ಮೇಲೆ ಆ ಸ್ಕ್ರಿಪ್ಟ್ ಏನು ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಕೆಲಸದ ಅನುಭವ ಇಲ್ಲದ ಅಭ್ಯರ್ಥಿಯ ಕೈಯಲ್ಲಿರುವ ಒಂದೇ ಒಂದು ಸಾಕ್ಷಿ ಆ ಸ್ಕ್ರಿಪ್ಟ್. ಅದಕ್ಕೇ ಅರ್ಧ ವಾಕ್ಯ ಕೊಟ್ಟು ಉಳಿದ ಪುಟವನ್ನೆಲ್ಲ ಆಸಕ್ತಿಗೆ ಮೀಸಲಿಟ್ಟರೆ ಓದುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಇತ್ತೀಚೆಗೆ ಪರಿಚಯದ ಹುಡುಗಿಯೊಬ್ಬಳು ತನ್ನ ಪತ್ರವನ್ನು ನೋಡಿಕೊಡಿ ಎಂದು ತಂದಿದ್ದಳು. ಇಬ್ಬರೂ ಕೂತು ಅದನ್ನು ಮೊದಲಿನಿಂದ ಬರೆದೆವು. ಆ ಪತ್ರವನ್ನೇ ಇಟ್ಟುಕೊಂಡು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಹಂತ: ಅವರು ಹೇಳುವ ಆಟೊಮೇಷನ್ ಯಾವುದು

ಬರೆಯಲು ಕೂರುವ ಮೊದಲು ಜಾಹೀರಾತನ್ನು ಎರಡು ಸಲ ಓದಿ. ಆಟೊಮೇಷನ್ ಎಂಬ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಕಸುಬುಗಳಿವೆ. ಜಾಹೀರಾತಿನಲ್ಲಿ ಸೆಲೆನಿಯಮ್, ಪ್ಲೇರೈಟ್, ಪೈಟೆಸ್ಟ್ ಎಂದಿದ್ದರೆ ಅದು ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ. ಆನ್ಸಿಬಲ್, ಲಿನಕ್ಸ್, ಕ್ರಾನ್ ಎಂದಿದ್ದರೆ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ. ಯುಐಪಾತ್ ಅಥವಾ ಆರ್‌ಪಿಎ ಎಂದಿದ್ದರೆ ಕಚೇರಿಯ ದಾಖಲೆಗಳ ಓಡಾಟವನ್ನು ಬಾಟ್‌ಗೆ ಒಪ್ಪಿಸುವ ಕೆಲಸ. ಪಿಎಲ್‌ಸಿ, ಲ್ಯಾಡರ್ ಲಾಜಿಕ್ ಎಂದಿದ್ದರೆ ಕಾರ್ಖಾನೆಯ ಯಂತ್ರಗಳ ಕೆಲಸ. ಇದನ್ನು ಗಮನಿಸದೆ ಎಲ್ಲ ಕಡೆಗೂ ಒಂದೇ ಪತ್ರ ಕಳಿಸುವವರು ಬಹಳ. ಪಿಎಲ್‌ಸಿ ಹುದ್ದೆಗೆ ಬಂದ ಪತ್ರದಲ್ಲಿ ವೆಬ್ ಬ್ರೌಸರ್ ಪರೀಕ್ಷೆಯ ಕನಸು ಕಂಡರೆ ಅದು ಬೇರೆಯವರಿಗೆ ಬರೆದದ್ದು ಎಂದು ಮೊದಲ ಸಾಲಿಗೇ ಗೊತ್ತಾಗಿಬಿಡುತ್ತದೆ.

ನಿಮ್ಮ ಸ್ಕ್ರಿಪ್ಟ್ ಇವುಗಳಲ್ಲಿ ಯಾವುದಕ್ಕೂ ನೇರವಾಗಿ ಸೇರದಿರಬಹುದು. ಅದರಿಂದ ತೊಂದರೆಯಿಲ್ಲ, ಏಕೆಂದು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಜಾಹೀರಾತಿನಲ್ಲಿ ಹೊಸಬರು ದಿನವೂ ಮಾಡಬೇಕಾದ ಕೆಲಸ ಯಾವುದೆಂದು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಹುಡುಗಿ ಅರ್ಜಿ ಹಾಕಿದ್ದ ಹುದ್ದೆಯಲ್ಲಿ ಆ ವಾಕ್ಯ ಹೀಗಿತ್ತು: ರಾತ್ರಿ ತಾನಾಗಿ ನಡೆಯುವ ಸ್ಕ್ರಿಪ್ಟ್‌ಗಳನ್ನು ನೋಡಿಕೊಳ್ಳುವುದು, ನಿಂತುಹೋದಾಗ ಕಾರಣ ಹುಡುಕಿ ಸರಿಪಡಿಸುವುದು.

ಎರಡನೇ ಹಂತ: ಸ್ಕ್ರಿಪ್ಟ್‌ನ ಕಥೆಯನ್ನು ಹೆಕ್ಕಿ ತೆಗೆಯುವುದು

ಆಕೆ ತಂದಿದ್ದ ಮೊದಲ ಕರಡಿನಲ್ಲಿ ಸ್ಕ್ರಿಪ್ಟ್ ಬಗ್ಗೆ ಇದ್ದದ್ದು ಇಷ್ಟೇ:

> ಪೈಥಾನ್ ಬಳಸಿ ಸರ್ಟಿಫಿಕೇಟ್ ಆಟೊಮೇಷನ್ ಸಿಸ್ಟಮ್ ಒಂದನ್ನು ಅಭಿವೃದ್ಧಿಪಡಿಸಿದ್ದೇನೆ. ಇದರಿಂದ ಸಮಯ ಬಹಳ ಉಳಿತಾಯವಾಗಿದ್ದು ಕಾರ್ಯಕ್ಷಮತೆ ಹೆಚ್ಚಿದೆ.

ಸಿಸ್ಟಮ್ ಎಂಬ ದೊಡ್ಡ ಹೆಸರು ಕೇಳಿ ಓದುವವರು ಏನೇನೋ ಊಹಿಸಿಕೊಳ್ಳುತ್ತಾರೆ, ಇಂಟರ್‌ವ್ಯೂನಲ್ಲಿ ಅದು 140 ಸಾಲಿನ ಒಂದು ಫೈಲ್ ಎಂದು ತಿಳಿದಾಗ ನಿರಾಸೆಪಡುತ್ತಾರೆ. 140 ಸಾಲಿನ ಫೈಲ್ ಎಂದು ಮೊದಲೇ ಹೇಳಿದ್ದರೆ ನಿರಾಸೆಗೆ ಜಾಗವೇ ಇರುತ್ತಿರಲಿಲ್ಲ. ಜೂನಿಯರ್ ಹುದ್ದೆಗೆ ಚಿಕ್ಕ ಸ್ಕ್ರಿಪ್ಟ್ ಕಡಿಮೆಯೇನಲ್ಲ. ಕೆಲಸಕ್ಕೆ ಸೇರಿದ ಮೇಲೂ ಬರೆಯುವುದು ಬಹುಪಾಲು ಅಂಥವನ್ನೇ.

ಹಾಗಾಗಿ ಕರಡನ್ನು ಪಕ್ಕಕ್ಕಿಟ್ಟು ನಾನು ಪ್ರಶ್ನೆ ಕೇಳುತ್ತಾ ಹೋದೆ, ಆಕೆ ಉತ್ತರ ಬರೆಯುತ್ತಾ ಹೋದಳು. ಸ್ಕ್ರಿಪ್ಟ್ ಬರುವ ಮೊದಲು ಈ ಕೆಲಸವನ್ನು ಯಾರು, ಹೇಗೆ ಮಾಡುತ್ತಿದ್ದರು? ಸ್ಕ್ರಿಪ್ಟ್‌ಗೆ ಏನು ಕೊಡಬೇಕು, ಅದು ಏನು ಕೊಡುತ್ತದೆ? ನಿಜವಾಗಿ ಎಷ್ಟು ಸಲ ಬಳಕೆಯಾಗಿದೆ? ನಿಮ್ಮನ್ನು ಬಿಟ್ಟು ಬೇರೆ ಯಾರಾದರೂ ಅದನ್ನು ರನ್ ಮಾಡಿದ್ದಾರೆಯೇ? ಯಾವಾಗ ಕೆಟ್ಟಿತು?

ಉತ್ತರಗಳಿಂದ ಹೊರಬಂದ ಕಥೆ ಇದು. ಕಾಲೇಜಿನ ವಿದ್ಯಾರ್ಥಿ ಸಂಘವೊಂದು ಕಾರ್ಯಾಗಾರ ನಡೆಸಿದಾಗಲೆಲ್ಲ ಬಂದವರಿಗೆ ಪ್ರಮಾಣಪತ್ರ ಕೊಡಬೇಕು. ಮೂವರು ಕೂತು ಹೆಸರುಗಳನ್ನು ಒಂದೊಂದಾಗಿ ಟೈಪ್ ಮಾಡಿ, ಪಿಡಿಎಫ್ ಮಾಡಿ, ಮೇಲ್‌ಗೆ ಲಗತ್ತಿಸಿ ಕಳಿಸುತ್ತಿದ್ದರು. 180 ಜನರಿಗೆ ತಲಾ 3 ನಿಮಿಷದಂತೆ ಸುಮಾರು 9 ಗಂಟೆಯ ಕೆಲಸ, ಎರಡು ಸಂಜೆ ಹಿಡಿಯುತ್ತಿತ್ತು. ಆಕೆಯ ಸ್ಕ್ರಿಪ್ಟ್ ನೋಂದಣಿಯ ಸಿಎಸ್‌ವಿ ಫೈಲನ್ನು ಓದಿ, ಹೆಸರನ್ನು ಅಚ್ಚಿನ ಮೇಲೆ ಬರೆದು, ಪಿಡಿಎಫ್ ಮಾಡಿ, ಅವರವರ ವಿಳಾಸಕ್ಕೆ ಕಳಿಸುತ್ತದೆ. ಮೂರು ಕಾರ್ಯಾಗಾರಗಳಲ್ಲಿ ಬಳಕೆಯಾಗಿದೆ. ಮೂರನೆಯದರಲ್ಲಿ ಆಕೆಯ ಜೂನಿಯರ್ ಒಬ್ಬ ಸೂಚನೆಗಳನ್ನು ಓದಿಕೊಂಡು ತಾನೇ ರನ್ ಮಾಡಿದ.

ನೆನಪು ಕೈಕೊಟ್ಟ ಕಡೆ ಗಿಟ್ ನೆರವಾಗುತ್ತದೆ. ಹಳೆಯದರಿಂದ ಹೊಸದರವರೆಗೆ ಏನೇನು ಬದಲಾಯಿತೆಂದು ಈ ಆದೇಶ ದಿನಾಂಕ, ಸಮಯದೊಡನೆ ತೋರಿಸುತ್ತದೆ:

```
git log --reverse --date=iso --format="%ad %s"
```

ಆಕೆಯ ಪಟ್ಟಿಯಲ್ಲಿ ಮೊದಲ ಕಾರ್ಯಾಗಾರದ ದಿನ ರಾತ್ರಿ ಹನ್ನೊಂದೂವರೆಗೆ ಮಾಡಿದ ಕಮಿಟ್ ಒಂದಿತ್ತು: `skip already sent`. ಇದೇನು ಎಂದು ಕೇಳಿದೆ. ಹೇಳಲೋ ಬೇಡವೋ ಎಂದು ಹಿಂಜರಿದಳು. ಕಡೆಗೆ ಹೇಳಿದ್ದು ಇಡೀ ಪತ್ರದ ಜೀವವಾಯಿತು.

ಮೂರನೇ ಹಂತ: ಕೆಟ್ಟ ರಾತ್ರಿಯನ್ನು ಬಚ್ಚಿಡದಿರುವುದು

ಆ ರಾತ್ರಿ ಸ್ಕ್ರಿಪ್ಟ್ ನೋಂದಣಿ ಪಟ್ಟಿಯ 74ನೇ ಸಾಲಿನಲ್ಲಿ ನಿಂತುಹೋಗಿತ್ತು. ಒಬ್ಬರು ಮೇಲ್ ವಿಳಾಸದ ಜಾಗವನ್ನು ಖಾಲಿ ಬಿಟ್ಟಿದ್ದರು. ಆಕೆ ಆ ಸಾಲನ್ನು ಸರಿಪಡಿಸಿ ಮತ್ತೆ ರನ್ ಮಾಡಿದಳು. ಸ್ಕ್ರಿಪ್ಟ್‌ಗೆ ತಾನು ಎಲ್ಲಿ ನಿಂತಿದ್ದೆ ಎಂಬುದು ಗೊತ್ತಿಲ್ಲ. ಅದು ಮೊದಲ ಸಾಲಿನಿಂದ ಶುರು ಮಾಡಿತು. 73 ಜನರಿಗೆ ಎರಡೆರಡು ಸಲ ಮೇಲ್ ಹೋಯಿತು.

ಆಕೆಗೆ ಇದು ನಾಚಿಕೆಯ ಸಂಗತಿ. ನನಗೆ ಇದು ಈಕೆಯನ್ನು ಇಂಟರ್‌ವ್ಯೂಗೆ ಕರೆಯಲು ಸಾಕಾಗುವ ಕಾರಣ. ಆಟೊಮೇಷನ್ ಕಸುಬಿನ ನಡುಮಧ್ಯದಲ್ಲಿರುವ ಪ್ರಶ್ನೆ ಇದೇ: ಅರ್ಧಕ್ಕೆ ನಿಂತ ಕೆಲಸವನ್ನು ಮತ್ತೆ ಶುರು ಮಾಡಿದರೆ ಏನಾಗುತ್ತದೆ? ಎಲ್ಲ ಸರಿಯಿದ್ದಾಗ ನಡೆಯುವ ಸ್ಕ್ರಿಪ್ಟ್ ಬರೆಯುವುದನ್ನು ಯಾರು ಬೇಕಾದರೂ ಒಂದು ವಾರದಲ್ಲಿ ಕಲಿಯುತ್ತಾರೆ. ನಿಂತದ್ದನ್ನು ಎಬ್ಬಿಸಿದಾಗ ಅದು ಯಾರಿಗೂ ತೊಂದರೆ ಕೊಡದಂತೆ ಬರೆಯುವುದನ್ನು ಸಾಮಾನ್ಯವಾಗಿ ಒಂದು ಕೆಟ್ಟ ರಾತ್ರಿಯೇ ಕಲಿಸುತ್ತದೆ. ಆ ರಾತ್ರಿ ನಿಮ್ಮ ಪಾಲಿಗೆ ಈಗಾಗಲೇ ಬಂದು ಹೋಗಿದ್ದರೆ ಅದನ್ನು ಪತ್ರದಿಂದ ಅಳಿಸುವುದು ದೊಡ್ಡ ನಷ್ಟ.

ಆದರೆ ಹೇಳುವ ರೀತಿಯಿದೆ. ತಪ್ಪನ್ನು ಹೇಳಿ ಸುಮ್ಮನಾದರೆ ಅದು ತಪ್ಪೊಪ್ಪಿಗೆಯಾಗುತ್ತದೆ. ತಪ್ಪು, ಕಾರಣ, ಮಾಡಿದ ಬದಲಾವಣೆ, ಆ ಬದಲಾವಣೆ ಕೆಲಸ ಮಾಡಿತೆಂದು ಗೊತ್ತಾದದ್ದು ಹೇಗೆ, ಈ ನಾಲ್ಕೂ ಒಂದರ ಹಿಂದೆ ಒಂದು ಬರಬೇಕು. ಮೂರು ವಾಕ್ಯ ಸಾಕು. ಆಕೆ ಮಾಡಿದ ಬದಲಾವಣೆಯ ಸಾರ ಇಷ್ಟು:

```python
for row in rows:
    if row["reg_no"] in sent:
        continue
    send_certificate(row)
    record_sent(row["reg_no"])
```

ಮೇಲ್ ಕಳಿಸಿದ ಕೂಡಲೇ ನೋಂದಣಿ ಸಂಖ್ಯೆಯನ್ನು ಒಂದು ಫೈಲ್‌ಗೆ ಬರೆಯುತ್ತದೆ. ಮುಂದಿನ ಸಲ ಆ ಫೈಲ್‌ನಲ್ಲಿರುವವರನ್ನು ಬಿಟ್ಟು ಮುಂದೆ ಹೋಗುತ್ತದೆ. ಈ ಕೋಡ್ ಪತ್ರದಲ್ಲಿ ಬರಬಾರದು, ಇಲ್ಲಿ ತೋರಿಸಿದ್ದು ಬೇರೆ ಕಾರಣಕ್ಕೆ. ಇದರ ಕೊನೆಯ ಎರಡು ಸಾಲುಗಳನ್ನು ನೋಡಿದ ಯಾರಾದರೂ ಇಂಟರ್‌ವ್ಯೂನಲ್ಲಿ ಕೇಳುವ ಪ್ರಶ್ನೆಗೆ ನೀವು ಪತ್ರ ಬರೆಯುವಾಗಲೇ ಸಿದ್ಧರಿರಬೇಕು.

ಪ್ರಶ್ನೆ ಹೀಗಿರುತ್ತದೆ. ಮೇಲ್ ಹೋಯಿತು, ಆದರೆ ಫೈಲ್‌ಗೆ ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಆಗ? ಆ ಒಬ್ಬರಿಗೆ ಮತ್ತೊಮ್ಮೆ ಹೋಗುತ್ತದೆ. ಹಾಗಾದರೆ ಎರಡೂ ಸಾಲುಗಳನ್ನು ಅದಲುಬದಲು ಮಾಡಿ, ಮೊದಲು ಬರೆದು ಆಮೇಲೆ ಕಳಿಸಿದರೆ? ನಡುವೆ ನಿಂತಾಗ ಆ ಒಬ್ಬರಿಗೆ ಹೋಗುವುದೇ ಇಲ್ಲ, ಹೋಗಿದೆ ಎಂದು ಫೈಲ್ ಮಾತ್ರ ಹೇಳುತ್ತಿರುತ್ತದೆ. ಇಷ್ಟು ಸರಳ ಸ್ಕ್ರಿಪ್ಟ್‌ನಲ್ಲಿ ಎರಡರ ಅಪಾಯವನ್ನೂ ಪೂರ್ತಿ ತಪ್ಪಿಸಲಾಗದು, ಒಂದನ್ನು ಆರಿಸಿಕೊಳ್ಳಬೇಕು. ಪ್ರಮಾಣಪತ್ರ ಎರಡು ಸಲ ಬಂದರೆ ಯಾರೂ ಬೈಯುವುದಿಲ್ಲ, ಬರದೇ ಹೋದರೆ ಬೇಸರ. ಆದ್ದರಿಂದ ಕಳಿಸಿ ಆಮೇಲೆ ಬರೆಯುವುದೇ ಇಲ್ಲಿ ಸರಿ. ಅದೇ ಸ್ಕ್ರಿಪ್ಟ್ ಹಣ ವರ್ಗಾಯಿಸುತ್ತಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಇದನ್ನು ಯೋಚಿಸಿ ಆರಿಸಿದ್ದೇನೆ ಎಂದು ಹೇಳಬಲ್ಲ ಹೊಸಬರು ನನಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು.

ಇನ್ನೊಂದು ಸಣ್ಣ ಸಂಗತಿಯೂ ಅಲ್ಲಿ ಅಡಗಿದೆ. ಆಕೆ ಮೊದಲು ಗುರುತಿಗೆ ಇಟ್ಟುಕೊಂಡದ್ದು ಮೇಲ್ ವಿಳಾಸವನ್ನು. ಎರಡನೇ ಕಾರ್ಯಾಗಾರದಲ್ಲಿ ಅಣ್ಣ ತಂಗಿ ಇಬ್ಬರೂ ಒಂದೇ ವಿಳಾಸ ಕೊಟ್ಟಿದ್ದರು. ಅಣ್ಣನಿಗೆ ಹೋದ ಕೂಡಲೇ ತಂಗಿಯದೂ ಹೋಗಿದೆ ಎಂದು ಸ್ಕ್ರಿಪ್ಟ್ ತಿಳಿದು ಬಿಟ್ಟುಬಿಟ್ಟಿತು. ಆಮೇಲೆ ನೋಂದಣಿ ಸಂಖ್ಯೆಗೆ ಬದಲಾಯಿಸಿದಳು. ಇದನ್ನು ಪತ್ರಕ್ಕೆ ಸೇರಿಸಲೇ ಎಂದು ಕೇಳಿದಳು, ಬೇಡವೆಂದೆ. ಒಂದು ಪತ್ರಕ್ಕೆ ಒಂದು ಕಥೆ ಸಾಕು. ಇದು ಇಂಟರ್‌ವ್ಯೂನಲ್ಲಿ ಜೇಬಿನಿಂದ ತೆಗೆಯಬೇಕಾದ ಎರಡನೇ ಕಥೆ.

ನಾಲ್ಕನೇ ಹಂತ: ಅಂಕಿಗಳನ್ನು ಪ್ರಾಮಾಣಿಕವಾಗಿ ಇಡುವುದು

9 ಗಂಟೆಯ ಕೆಲಸ 12 ನಿಮಿಷಕ್ಕೆ ಇಳಿಯಿತು ಎಂದು ಬರೆಯಲು ಆಸೆಯಾಗುತ್ತದೆ. ಆಕೆಯೂ ಹಾಗೇ ಬರೆದಿದ್ದಳು. 12 ನಿಮಿಷ ಎಂಬುದು ನಿಜ, ಎರಡನೇ ಕಾರ್ಯಾಗಾರದ 210 ಜನರಿಗೆ ಸ್ಕ್ರಿಪ್ಟ್ ತೆಗೆದುಕೊಂಡ ಸಮಯ ಲಾಗ್‌ನಲ್ಲಿತ್ತು. ಆದರೆ ರನ್ ಮಾಡುವ ಮೊದಲು ಹೆಸರುಗಳ ಕಾಗುಣಿತವನ್ನು ಕಣ್ಣಿನಿಂದಲೇ ನೋಡಬೇಕು. ಕೆಲವರು ಪೂರ್ತಿ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಕೆಲವರು ಹೆಸರಿನ ಜಾಗದಲ್ಲಿ ಅಡ್ಡಹೆಸರು ತುಂಬಿರುತ್ತಾರೆ. ಅದಕ್ಕೆ 40 ನಿಮಿಷ ಬೇಕು. ಹಾಗಾಗಿ ಸರಿಯಾದ ವಾಕ್ಯ ಇದು: ಹೆಸರು ಪರಿಶೀಲನೆಗೆ ಈಗಲೂ ಒಬ್ಬರ 40 ನಿಮಿಷ ಬೇಕು, ಉಳಿದದ್ದು 12 ನಿಮಿಷದಲ್ಲಿ ಮುಗಿಯುತ್ತದೆ.

ಒಟ್ಟು ಒಂದು ಗಂಟೆಯೊಳಗೆ ಎಂಬುದು 12 ನಿಮಿಷಕ್ಕಿಂತ ಸಪ್ಪೆಯಾಗಿ ಕಾಣಬಹುದು. ಓದುವವರು ಆಟೊಮೇಷನ್ ಮಾಡಿದವರಾದರೆ ಅವರಿಗೆ ಇದೇ ಹೆಚ್ಚು ರುಚಿಸುತ್ತದೆ. ಮನುಷ್ಯರ ಕೈ ಇನ್ನೂ ಎಲ್ಲಿ ಬೇಕು ಎಂದು ಹೇಳದ ಆಟೊಮೇಷನ್ ವರದಿಯನ್ನು ನಾವು ಯಾರೂ ನಂಬುವುದಿಲ್ಲ.

ಅಳತೆಯಿಲ್ಲದಿದ್ದರೆ ಹುಟ್ಟಿಸಿಕೊಳ್ಳಬೇಡಿ. ಶೇ. 90 ಸಮಯ ಉಳಿತಾಯ ಎಂದು ಬರೆದವರಿಗೆ ನಾನು ಕೇಳುವ ಮೊದಲ ಮಾತು, ಅಳೆದದ್ದು ಹೇಗೆ ಎಂಬುದು. ಹೆಚ್ಚಿನವರು ಅಲ್ಲೇ ತಡವರಿಸುತ್ತಾರೆ. ಲಾಗ್ ಇಲ್ಲವಾದರೆ ಇನ್ನೊಮ್ಮೆ ಸುಳ್ಳು ಮಾಹಿತಿಯ ಮೇಲೆ ರನ್ ಮಾಡಿ ಸಮಯ ನೋಡಿ. ಕೈಯಿಂದ ಮಾಡುವ ಕೆಲಸವನ್ನು ಹತ್ತು ಸಲ ಮಾಡಿ ಗಡಿಯಾರ ನೋಡಿದರೆ ಅದರ ಸರಾಸರಿಯೂ ಸಿಗುತ್ತದೆ. ಸುಮಾರು ಎಂಬ ಪದವನ್ನು ಬಳಸಲು ಹಿಂಜರಿಯಬೇಡಿ.

ಅಂಕಿಯಷ್ಟೇ ಎಚ್ಚರ ಕ್ರಿಯಾಪದದಲ್ಲೂ ಬೇಕು. ಪೈಥಾನ್ ಮೇಲ್ ಕಳಿಸುವಾಗ ದೋಷ ಬರಲಿಲ್ಲ ಎಂದರೆ ಮೇಲ್ ಸರ್ವರ್ ಅದನ್ನು ಸ್ವೀಕರಿಸಿತು ಎಂದಷ್ಟೇ ಅರ್ಥ. ಅದು ಆಮೇಲೆ ವಾಪಸ್ ಬರಬಹುದು, ಸ್ಪ್ಯಾಮ್‌ಗೆ ಬೀಳಬಹುದು. ಆದ್ದರಿಂದ 210 ಜನರಿಗೆ ತಲುಪಿಸಿದೆ ಎಂದು ಬರೆಯದೆ ಕಳಿಸಿದೆ ಎಂದು ಬರೆಯಬೇಕು.

ಐದನೇ ಹಂತ: ಸ್ಕ್ರಿಪ್ಟ್‌ನಿಂದ ಹುದ್ದೆಗೆ ಒಂದು ವಾಕ್ಯ

ಇನ್ನು ಮೊದಲ ಹಂತದಲ್ಲಿ ಬರೆದಿಟ್ಟುಕೊಂಡ ವಾಕ್ಯವನ್ನು ಹೊರಗೆ ತೆಗೆಯಿರಿ. ಪ್ರಮಾಣಪತ್ರ ಕಳಿಸಿದ ಅನುಭವ ಅವರಿಗೆ ಯಾಕೆ ಬೇಕು ಎಂಬುದನ್ನು ನೀವೇ ಜೋಡಿಸಿ ತೋರಿಸಬೇಕು. ಓದುವವರು ತಾವಾಗಿ ಜೋಡಿಸಿಕೊಳ್ಳಲಿ ಎಂದು ಬಿಟ್ಟರೆ ಅವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಇಲ್ಲಿ ಆ ಕೆಟ್ಟ ರಾತ್ರಿಯ ಬೆಲೆ ಮತ್ತೊಮ್ಮೆ ಕಾಣುತ್ತದೆ, ಏಕೆಂದರೆ ಅರ್ಧಕ್ಕೆ ನಿಲ್ಲುವ ಸಮಸ್ಯೆ ಎಲ್ಲ ಬಗೆಯ ಆಟೊಮೇಷನ್‌ನಲ್ಲೂ ಇದೆ, ಹೆಸರು ಮಾತ್ರ ಬೇರೆ. ಸರ್ವರ್ ಕೆಲಸದಲ್ಲಿ ಆನ್ಸಿಬಲ್ ಪ್ಲೇಬುಕ್ ಅನ್ನು ಎರಡು ಸಲ ರನ್ ಮಾಡಿದರೂ ಸರ್ವರ್ ಅದೇ ಸ್ಥಿತಿಯಲ್ಲಿ ಇರಬೇಕು ಎನ್ನುತ್ತಾರೆ. ಪರೀಕ್ಷೆಯ ಕೆಲಸದಲ್ಲಿ ಒಂದು ಟೆಸ್ಟ್ ತಾನು ಸೃಷ್ಟಿಸಿದ ಬಳಕೆದಾರನನ್ನು ಅಳಿಸದೆ ಹೋದರೆ ಮುಂದಿನ ಸಲ ಆ ಹೆಸರು ಈಗಾಗಲೇ ಇದೆ ಎಂದು ಬಿದ್ದುಹೋಗುತ್ತದೆ. ಆರ್‌ಪಿಎಯಲ್ಲಿ ನೂರು ಬಿಲ್‌ಗಳ ನಡುವೆ ಬಾಟ್ ನಿಂತರೆ ಯಾವುದು ಮುಗಿದಿದೆ ಎಂದು ತಿಳಿಯಲೆಂದೇ ಪ್ರತಿ ಬಿಲ್‌ಗೂ ಸರದಿಯಲ್ಲಿ ಒಂದು ಸ್ಥಿತಿ ಬರೆದಿರುತ್ತಾರೆ. ಪಿಎಲ್‌ಸಿಯಲ್ಲಿ ವಿದ್ಯುತ್ ಹೋಗಿ ಬಂದಾಗ ಯಂತ್ರ ಯಾವ ಹೆಜ್ಜೆಯಿಂದ ಮುಂದುವರಿಯಬೇಕು, ಯಾವ ಮೌಲ್ಯಗಳನ್ನು ಉಳಿಸಿಕೊಂಡಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು, ಇಲ್ಲವಾದರೆ ಮನುಷ್ಯರಿಗೇ ಅಪಾಯ. ನಿಮ್ಮ ಹುದ್ದೆ ಯಾವುದೋ ಅದರ ಮಾತಿನಲ್ಲಿ ಒಂದು ವಾಕ್ಯ ಬರೆಯಿರಿ. ಆ ಉಪಕರಣವನ್ನು ಬಳಸಿಲ್ಲವಾದರೆ ಬಳಸಿಲ್ಲ ಎಂದೇ ಹೇಳಿ.

ಪೂರ್ತಿ ಪತ್ರ

ಜಾಹೀರಾತು ಯಾವ ಭಾಷೆಯಲ್ಲಿದೆಯೋ ಪತ್ರವೂ ಆ ಭಾಷೆಯಲ್ಲಿರಲಿ. ಮುಕ್ಕಾಲು ಪುಟಕ್ಕಿಂತ ಹೆಚ್ಚು ಬೇಡ. ಶುರುವಿನಲ್ಲಿ ನಿಮ್ಮ ಪರಿಚಯಕ್ಕೆ ಒಂದೇ ವಾಕ್ಯ, ಅಂಕಪಟ್ಟಿಯ ವಿವರಗಳೆಲ್ಲ ರೆಸ್ಯೂಮೆಯಲ್ಲಿರುತ್ತವೆ. ನಾವು ಕೊನೆಗೆ ತಲುಪಿದ್ದು ಇಲ್ಲಿಗೆ:

> ವಿಷಯ: ಜೂನಿಯರ್ ಆಟೊಮೇಷನ್ ಎಂಜಿನಿಯರ್ ಹುದ್ದೆಗೆ ಅರ್ಜಿ
>
> ಮಾನ್ಯರೇ,
>
> ರಾತ್ರಿ ತಾನಾಗಿ ನಡೆಯುವ ಸ್ಕ್ರಿಪ್ಟ್‌ಗಳನ್ನು ನೋಡಿಕೊಂಡು, ನಿಂತಾಗ ಸರಿಪಡಿಸುವವರು ಬೇಕೆಂದು ತಮ್ಮ ಜಾಹೀರಾತಿನಲ್ಲಿ ಓದಿದೆ. ನಾನು ಈ ವರ್ಷ ಕಂಪ್ಯೂಟರ್ ಸೈನ್ಸ್‌ನಲ್ಲಿ ಪದವಿ ಮುಗಿಸಿದ್ದೇನೆ. ಚಿಕ್ಕ ಪ್ರಮಾಣದಲ್ಲಿ ಇದೇ ಕೆಲಸವನ್ನು ಒಂದು ವರ್ಷ ಮಾಡಿದ್ದೇನೆ.
>
> ನಮ್ಮ ವಿದ್ಯಾರ್ಥಿ ಸಂಘದ ಕಾರ್ಯಾಗಾರಗಳ ಪ್ರಮಾಣಪತ್ರಗಳನ್ನು ಮೂವರು ಸೇರಿ ಕೈಯಿಂದ ತಯಾರಿಸಿ ಕಳಿಸುತ್ತಿದ್ದೆವು. 180 ಜನರಿಗೆ ಸುಮಾರು 9 ಗಂಟೆ ಹಿಡಿಯುತ್ತಿತ್ತು. ನೋಂದಣಿ ಪಟ್ಟಿಯನ್ನು ಓದಿ ಪಿಡಿಎಫ್ ತಯಾರಿಸಿ ಮೇಲ್ ಮಾಡುವ 140 ಸಾಲಿನ ಪೈಥಾನ್ ಸ್ಕ್ರಿಪ್ಟ್ ಬರೆದೆ.
>
> ಮೊದಲ ಸಲ ಅದು ಪಟ್ಟಿಯ 74ನೇ ಸಾಲಿನ ಖಾಲಿ ವಿಳಾಸಕ್ಕೆ ಬಂದು ನಿಂತಿತು. ನಾನು ಅದನ್ನು ಮತ್ತೆ ಶುರು ಮಾಡಿದಾಗ 73 ಜನರಿಗೆ ಎರಡನೇ ಸಲ ಮೇಲ್ ಹೋಯಿತು. ಅಂದಿನಿಂದ ಸ್ಕ್ರಿಪ್ಟ್ ಪ್ರತಿ ಮೇಲ್ ಆದ ಮೇಲೆ ದಾಖಲೆ ಬರೆದಿಟ್ಟು, ಮತ್ತೆ ರನ್ ಮಾಡಿದಾಗ ಆಗಿರುವವರನ್ನು ಬಿಟ್ಟು ಮುಂದುವರಿಯುತ್ತದೆ. ತಪ್ಪಿರುವ ಸಾಲುಗಳನ್ನು ಪ್ರತ್ಯೇಕ ಫೈಲ್‌ಗೆ ಹಾಕುತ್ತದೆ, ಅದಕ್ಕಾಗಿ ನಿಲ್ಲುವುದಿಲ್ಲ. ಎರಡನೇ ಕಾರ್ಯಾಗಾರದಲ್ಲಿ ಬೇಕೆಂದೇ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿ ನೋಡಿದೆ, ಯಾರಿಗೂ ಎರಡು ಸಲ ಹೋಗಲಿಲ್ಲ. 210 ಜನರಿಗೆ ಕಳಿಸಲು 12 ನಿಮಿಷ ಸಾಕಾಯಿತು. ಹೆಸರುಗಳ ಪರಿಶೀಲನೆಗೆ ಮಾತ್ರ ಈಗಲೂ ಒಬ್ಬರ 40 ನಿಮಿಷ ಬೇಕು. ಮೂರನೇ ಸಲ ಸೂಚನೆಗಳನ್ನು ಓದಿಕೊಂಡು ಜೂನಿಯರ್ ವಿದ್ಯಾರ್ಥಿಯೊಬ್ಬರು ನನ್ನ ನೆರವಿಲ್ಲದೆ ಅದನ್ನು ನಡೆಸಿದರು.
>
> ತಮ್ಮಲ್ಲಿ ಬಳಸುವ ಆನ್ಸಿಬಲ್ ಅನ್ನು ನಾನು ಕೆಲಸದಲ್ಲಿ ಬಳಸಿಲ್ಲ, ನನ್ನ ಕಂಪ್ಯೂಟರ್‌ನಲ್ಲಿ ಕಲಿಯುತ್ತಿದ್ದೇನೆ. ಎರಡು ಸಲ ರನ್ ಮಾಡಿದರೂ ಕೆಡದಂತೆ ಬರೆಯಬೇಕೆಂಬ ಅದರ ನಿಯಮ ಯಾಕಿದೆ ಎಂಬುದು ಮಾತ್ರ ನನಗೆ ಅನುಭವದಿಂದ ಗೊತ್ತು.
>
> ಸ್ಕ್ರಿಪ್ಟ್ ಮತ್ತು ಅದನ್ನು ನಡೆಸುವ ಸೂಚನೆಗಳಿರುವ ಕೊಂಡಿ ಕೆಳಗಿದೆ. ತಮಗೆ ಅನುಕೂಲವಾದ ಸಮಯದಲ್ಲಿ ಮಾತನಾಡಲು ಸಿದ್ಧಳಿದ್ದೇನೆ.
>
> ವಂದನೆಗಳೊಂದಿಗೆ,

ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಮಾತು, ಬೇಕೆಂದೇ ನಡುವೆ ನಿಲ್ಲಿಸಿ ನೋಡಿದೆ ಎಂಬುದು. ಸರಿಪಡಿಸಿದ್ದೇನೆ ಎನ್ನುವುದಕ್ಕೂ ಸರಿಯಾಗಿದೆಯೇ ಎಂದು ಕೆಡಿಸಿ ನೋಡಿದ್ದೇನೆ ಎನ್ನುವುದಕ್ಕೂ ಬಹಳ ಅಂತರವಿದೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಇದನ್ನು ಮಾಡಿಲ್ಲದಿದ್ದರೆ ಪತ್ರ ಬರೆಯುವ ಮೊದಲು ಒಂದು ಮಧ್ಯಾಹ್ನ ಕೂತು ಮಾಡಿ. ರನ್ ಆಗುತ್ತಿರುವಾಗ ಕಂಟ್ರೋಲ್ ಸಿ ಒತ್ತಿ, ಮತ್ತೆ ಶುರು ಮಾಡಿ, ಫಲಿತಾಂಶವನ್ನು ಎಣಿಸಿ. ನಿಜವಾದ ಜನರಿಗೆ ಮೇಲ್ ಹೋಗದಂತೆ ಪಟ್ಟಿಯಲ್ಲಿ ನಿಮ್ಮದೇ ವಿಳಾಸಗಳನ್ನು ಹಾಕಿಕೊಂಡಿರಬೇಕು, ಅಷ್ಟೇ.

ಕೊಂಡಿ ಕೊಡುವ ಮೊದಲು

ಪತ್ರದಲ್ಲಿ ಕೊಂಡಿ ಇದ್ದರೆ ಅದನ್ನು ಒತ್ತಿ ನೋಡುವವರಿದ್ದಾರೆ, ನಾನಂತೂ ನೋಡುತ್ತೇನೆ. ಅಲ್ಲಿ ಮೊದಲು ಹುಡುಕುವುದು ಕೋಡ್‌ನ ಅಂದವನ್ನಲ್ಲ, ಗುಟ್ಟಾಗಿರಬೇಕಾದದ್ದು ಬಯಲಾಗಿದೆಯೇ ಎಂದು. ಮೇಲ್ ಪಾಸ್‌ವರ್ಡ್ ಕೋಡ್‌ನಲ್ಲೇ ಬರೆದಿರುವುದು ಹೊಸಬರಲ್ಲಿ ಸಾಮಾನ್ಯ. ಆಮೇಲೆ ಅದನ್ನು ಅಳಿಸಿ ಹೊಸ ಕಮಿಟ್ ಮಾಡಿದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಇಡೀ ಇತಿಹಾಸವನ್ನು ಹೀಗೆ ಜಾಲಾಡಬಹುದು:

```
git grep -n -i "password" $(git rev-list --all)
```

ಪಾಸ್‌ವರ್ಡ್ ಅನ್ನು ನೀವು ಬೇರೆ ಹೆಸರಿನಲ್ಲಿ ಇಟ್ಟಿದ್ದರೆ ಆ ಹೆಸರನ್ನೂ ಹುಡುಕಿ. ಸಿಕ್ಕಿದರೆ ಮೊದಲು ಆ ಪಾಸ್‌ವರ್ಡ್ ಅನ್ನೇ ಬದಲಾಯಿಸಿ, ಇತಿಹಾಸ ತೊಳೆಯುವುದು ಆಮೇಲಿನ ಮಾತು. ಒಮ್ಮೆ ಬಯಲಾದದ್ದನ್ನು ಯಾರು ನಕಲು ಮಾಡಿಕೊಂಡಿದ್ದಾರೋ ತಿಳಿಯದು.

ಅದಕ್ಕಿಂತ ಗಂಭೀರವಾದದ್ದು ಬೇರೆಯವರ ಮಾಹಿತಿ. ನಮ್ಮ ಹುಡುಗಿಯ ರೆಪೊದಲ್ಲಿ 180 ಜನರ ಹೆಸರು, ವಿಳಾಸ, ಫೋನ್ ನಂಬರ್ ಇದ್ದ ನಿಜವಾದ ಪಟ್ಟಿಯೇ ಇತ್ತು. ಅದು ತನಗೆ ಹೊಳೆದೇ ಇರಲಿಲ್ಲ ಎಂದಳು. ಪಟ್ಟಿ ಹಳೆಯ ಕಮಿಟ್‌ಗಳಲ್ಲೆಲ್ಲ ಹರಡಿದ್ದರಿಂದ ಆ ರೆಪೊವನ್ನು ಖಾಸಗಿ ಮಾಡಿ, ಶುದ್ಧವಾದ ಫೈಲ್‌ಗಳನ್ನು ಹೊಸ ರೆಪೊಗೆ ಹಾಕಿದೆವು. ಮಾದರಿಗೆಂದು ಐದು ಸುಳ್ಳು ಹೆಸರುಗಳ ಪಟ್ಟಿ ಇಟ್ಟೆವು. ವಿಳಾಸಗಳು ಮಾತ್ರ `example.com` ಮೇಲಿನವು, ಉದಾಹರಣೆಗೆಂದೇ ಮೀಸಲಿಟ್ಟ ಹೆಸರಾದ್ದರಿಂದ ಅದು ಯಾರ ಮೇಲ್‌ಬಾಕ್ಸೂ ಅಲ್ಲ. ಹೊಸ ರೆಪೊದಲ್ಲಿ ಹಳೆಯ ಕಮಿಟ್‌ಗಳು ಕಾಣುವುದಿಲ್ಲವೆಂದು ಆಕೆಗೆ ಬೇಸರವಾಯಿತು. ಏನೇನು ಬದಲಾಯಿತು, ಯಾವಾಗ ಎಂದು `README` ಫೈಲ್‌ನಲ್ಲಿ ಆರು ಸಾಲು ಬರೆದರೆ ಅದು ತುಂಬಿಕೊಳ್ಳುತ್ತದೆ.

ಅದೇ `README`ಯಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಇದು ಏನು ಮಾಡುತ್ತದೆ, ರನ್ ಮಾಡುವುದು ಹೇಗೆ, ಮೇಲ್ ಕಳಿಸದೆ ಬರೀ ತೋರಿಸುವಂತೆ ನಡೆಸುವುದು ಹೇಗೆ, ಏನು ಇದರಿಂದ ಆಗುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ಅಥವಾ ಹೊಸ ಫೋಲ್ಡರ್‌ನಲ್ಲಿ ಇಳಿಸಿಕೊಂಡು, ನೀವೇ ಬರೆದ ಸೂಚನೆಯನ್ನು ಅಕ್ಷರಶಃ ಪಾಲಿಸಿ ನೋಡಿ. ಆಕೆಯದು ಮೊದಲ ಪ್ರಯತ್ನದಲ್ಲೇ ನಿಂತಿತು. ಪ್ರಮಾಣಪತ್ರದ ಅಚ್ಚಿನ ಚಿತ್ರ ಆಕೆಯ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿದೆ ಎಂದು ಕೋಡ್‌ನಲ್ಲಿ ಪೂರ್ತಿ ದಾರಿಯನ್ನೇ ಬರೆದಿದ್ದಳು.

ಕಳಿಸುವ ದಿನ

ಪತ್ರವನ್ನು ಅಚ್ಚು ಹಾಕಿಸಿ ಅಥವಾ ಪರದೆಯ ಮೇಲೇ ಇಟ್ಟುಕೊಂಡು, ಪ್ರತಿ ವಾಕ್ಯದ ಎದುರು ಇಂಟರ್‌ವ್ಯೂನಲ್ಲಿ ಅದರಿಂದ ಹುಟ್ಟುವ ಒಂದು ಪ್ರಶ್ನೆ ಬರೆಯಿರಿ. 140 ಸಾಲಿನ ಪೈಥಾನ್ ಎಂದರೆ, ಯಾವ ಲೈಬ್ರರಿ, ಅದೇ ಯಾಕೆ? ಪ್ರತ್ಯೇಕ ಫೈಲ್ ಎಂದರೆ, ಆ ಸಾಲುಗಳನ್ನು ಆಮೇಲೆ ಏನು ಮಾಡುತ್ತೀರಿ? ಒಂದು ನಿಮಿಷ ಮಾತನಾಡಲಾಗದ ವಾಕ್ಯ ಸಿಕ್ಕರೆ ಅದನ್ನು ತೆಗೆದುಬಿಡಿ. ಆಕೆಯ ಕರಡಿನಲ್ಲಿ ಮಲ್ಟಿಥ್ರೆಡಿಂಗ್ ಎಂಬ ಪದ ಹೀಗೆಯೇ ಬಿದ್ದುಹೋಯಿತು. ಎಲ್ಲಿಂದಲೋ ನಕಲು ಮಾಡಿದ ಎರಡು ಸಾಲಿಗಾಗಿ ಅದು ಅಲ್ಲಿ ಕೂತಿತ್ತು.

ಬೇರೆಯವರ ಕೋಡ್ ಬಳಸಿದ್ದರೆ, ಗೆಳೆಯರು ಸೇರಿ ಬರೆದಿದ್ದರೆ ನಿಮ್ಮ ಪಾಲು ಯಾವುದೆಂದು ಒಂದು ಮಾತು ಇರಲಿ. ಆಕೆಯ ಅಚ್ಚಿನ ವಿನ್ಯಾಸ ಗೆಳತಿಯದು, ಅದನ್ನು `README`ಯಲ್ಲಿ ಬರೆದಳು.

ಪತ್ರವನ್ನು ಪಿಡಿಎಫ್ ಮಾಡಿ, ಹೆಸರು ಮತ್ತು ಹುದ್ದೆ ಎರಡೂ ಕಾಣುವ ಫೈಲ್ ಹೆಸರಿಡಿ. ಅಭ್ಯರ್ಥಿಗಳನ್ನು ಆರಿಸುವವರು `final2.pdf` ಎಂಬ ಫೈಲನ್ನು ಮತ್ತೆ ಹುಡುಕಲಾರರು. ಕೊಂಡಿಯನ್ನು ಪದದ ಹಿಂದೆ ಅಡಗಿಸದೆ ಪೂರ್ತಿಯಾಗಿ ಬರೆಯಿರಿ, ಕೆಲವರು ಕಾಗದದಲ್ಲೇ ಓದುತ್ತಾರೆ. ಆಮೇಲೆ ಲಾಗಿನ್ ಆಗದ ಬ್ರೌಸರ್ ಕಿಟಕಿಯೊಂದನ್ನು ತೆರೆದು ಆ ಕೊಂಡಿಯನ್ನು ಟೈಪ್ ಮಾಡಿ ನೋಡಿ. ರೆಪೊ ಖಾಸಗಿಯಾಗಿ ಉಳಿದಿದ್ದರೆ ನಿಮಗೆ ಕಾಣುತ್ತದೆ, ಅವರಿಗೆ ಪುಟವೇ ಇಲ್ಲವೆಂದು ತೋರಿಸುತ್ತದೆ. ನಮ್ಮ ಹುಡುಗಿ ಕಳಿಸುವ ಗುಂಡಿ ಒತ್ತುವ ಐದು ನಿಮಿಷ ಮೊದಲು ಅದನ್ನು ಕಂಡುಹಿಡಿದು, ಹೊಸ ರೆಪೊವನ್ನು ಸಾರ್ವಜನಿಕಗೊಳಿಸಿ, ಮತ್ತೊಮ್ಮೆ ತೆರೆದು ನೋಡಿ ಕಳಿಸಿದಳು.